ಬುಧವಾರ ಹನ್ನೊಂದಕ್ಕೆ ಆಗುವುದಿಲ್ಲ: ಇಂಟರ್‌ವ್ಯೂ ಸಮಯ ಬದಲಿಸಲು ಬರೆದ ಒಂದು ಪತ್ರ

ದ್ವಿತೀಯ ಪಿಯುಸಿಯ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಸಿಬ್ಬಂದಿ ನೇಮಕಾತಿಯ ಅಧ್ಯಾಯ ಇದೆ. ಆಯ್ಕೆ ಪ್ರಕ್ರಿಯೆಗೆ ಎಂಟು ಹಂತಗಳು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ: ಪ್ರಾಥಮಿಕ ಪರಿಶೀಲನೆ, ಪರೀಕ್ಷೆ, ಸಂದರ್ಶನ, ಉಲ್ಲೇಖ ಮತ್ತು ಹಿನ್ನೆಲೆ ಪರಿಶೀಲನೆ, ಆಯ್ಕೆಯ ನಿರ್ಧಾರ, ವೈದ್ಯಕೀಯ ಪರೀಕ್ಷೆ, ಉದ್ಯೋಗದ ಆಹ್ವಾನ, ಕರಾರು. ಈ ಎಂಟೂ ಕಂಪನಿಯ ಕಡೆಯಿಂದ ನೋಡಿ ಬರೆದವು. ಅರ್ಜಿ ಹಾಕಿದವರು ಆಗಲೇ ಒಂದು ಕಡೆ ಕೆಲಸದಲ್ಲಿದ್ದರೆ, ಮೂರನೇ ಹಂತಕ್ಕೆ ಅವರು ಹೇಗೆ ಹೋಗಿ ತಲುಪುತ್ತಾರೆ ಎಂಬುದು ಅಲ್ಲಿ ಇಲ್ಲ. ಅದನ್ನು ನಾನು ಈಚೆಗೆ ನಮ್ಮ ಮನೆಯಲ್ಲೇ ಕಲಿತೆ. ನನ್ನ ಆಪಾ ಇದನ್ನು ಬರೆಯಲು ಒಪ್ಪಿದ್ದಾಳೆ, ಆದರೆ ಅವಳ ಹೆಸರಾಗಲಿ ಎರಡು ಕಂಪನಿಗಳ ಹೆಸರಾಗಲಿ ಬರಬಾರದು ಎಂದಿದ್ದಾಳೆ.

ಆಪಾ ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ವಿಭಾಗದಲ್ಲಿದ್ದಾಳೆ. ಬೆಳಿಗ್ಗೆ 6:20ಕ್ಕೆ ನಂಗಲಿಯಲ್ಲಿ ಬಸ್ ಹತ್ತಿದರೆ ಮುಳಬಾಗಿಲಿನಲ್ಲಿ 7:10ರ ಕಂಪನಿ ಬಸ್ ಸಿಗುತ್ತದೆ. ಕೆಲಸ 9ರಿಂದ 5:30. ವಾಪಸ್ ಮನೆ ಸೇರುವಾಗ ರಾತ್ರಿ 7:40. ಒಂದು ಶುಕ್ರವಾರ, 5ನೇ ತಾರೀಕು, ಅವಳಿಗೆ ಬೆಂಗಳೂರಿನ ಒಂದು ಕಂಪನಿಯ ಎಚ್.ಆರ್. ವಿಭಾಗದಿಂದ ಇ-ಮೇಲ್ ಬಂತು. ಅವರದೊಂದು ಹೊಸ ಕಚೇರಿ ಕೋಲಾರದಲ್ಲಿದೆ, ಅಲ್ಲಿಗೆ ಸೀನಿಯರ್ ಅಕೌಂಟ್ಸ್ ಅಸಿಸ್ಟೆಂಟ್ ಬೇಕು. "ಬುಧವಾರ 10ನೇ ತಾರೀಕು ಬೆಳಿಗ್ಗೆ 11 ಗಂಟೆಗೆ ವಿಡಿಯೋ ಮೂಲಕ ಸಂದರ್ಶನ, 45 ನಿಮಿಷ. ಖಚಿತಪಡಿಸಿ." ಇಷ್ಟೇ ಇತ್ತು.

ಬುಧವಾರ ಹನ್ನೊಂದಕ್ಕೆ ಆಪಾ ತನ್ನ ಮೇಜಿನ ಮುಂದೆ ಇರುತ್ತಾಳೆ. ಜೊತೆಗೆ ಅದು 10ನೇ ತಾರೀಕು. ಕಾಮರ್ಸ್ ಓದುವವರಿಗೆ ಇದರ ಅರ್ಥ ಗೊತ್ತು. ತಿಂಗಳಿಗೊಮ್ಮೆ ಸಲ್ಲಿಸುವವರು ಹಿಂದಿನ ತಿಂಗಳ ಮಾರಾಟದ ವಿವರವನ್ನು, ಅಂದರೆ ಜಿ.ಎಸ್.ಟಿ.ಆರ್-1 ಅನ್ನು, 11ರೊಳಗೆ ಹಾಕಬೇಕು. 9, 10, 11 ಈ ಮೂರು ದಿನ ಅಕೌಂಟ್ಸ್‌ನಲ್ಲಿ ಯಾರೂ ತಲೆ ಎತ್ತುವುದಿಲ್ಲ. ಆ ದಿನ ರಜೆ ಕೇಳಿದರೆ "ಏನಮ್ಮಾ, ಇವತ್ತೇ ಯಾಕೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೊಸ ಕೆಲಸ ಸಿಕ್ಕಿದೆ ಎಂದೇನೂ ಅಲ್ಲ, ಇನ್ನೂ ಸಂದರ್ಶನವೇ ಆಗಿಲ್ಲ. ಅಷ್ಟರಲ್ಲಿ ಈಗಿನ ಕಡೆ ಸುದ್ದಿ ಹೋದರೆ ಇದೂ ಹಾಳು, ಅದೂ ಇಲ್ಲ. ನಮ್ಮ ಮನೆಯಲ್ಲಿ ತಿಂಗಳ ಸಂಬಳ ಬರುವುದು ಆಪಾಗೆ ಮಾತ್ರ. ಅಬ್ಬಾರ ಆದಾಯ ವ್ಯಾಪಾರ ನಡೆದ ಹಾಗೆ.

ರಾತ್ರಿ ಊಟ ಆದ ಮೇಲೆ ಆಪಾ ಉತ್ತರ ಬರೆಯಲು ಕೂತಳು. ನಾನು ಪಕ್ಕದಲ್ಲಿದ್ದೆ. ಮೊದಲ ಕರಡು ಹೀಗಿತ್ತು (ಮೂಲ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ):

"ಮಾನ್ಯರೇ, ನಾನು ಸದ್ಯ ನರಸಾಪುರದ ಇಂಥ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. 10ರಂದು ನಮ್ಮಲ್ಲಿ ಜಿ.ಎಸ್.ಟಿ. ರಿಟರ್ನ್ ಕೆಲಸ ಇರುತ್ತದೆ, ಕಳೆದ ತಿಂಗಳೂ ತಡವಾಗಿತ್ತು. ನಮ್ಮ ಮ್ಯಾನೇಜರ್ ರಜೆ ಕೊಡುವುದಿಲ್ಲ, ಇಂಟರ್‌ವ್ಯೂ ಎಂದು ಗೊತ್ತಾದರೆ ನನಗೆ ತೊಂದರೆ ಆಗುತ್ತದೆ. ದಯವಿಟ್ಟು ಬೇರೆ ಯಾವುದಾದರೂ ದಿನ ಕೊಡಿ."

ನನಗೆ ಇದು ಚೆನ್ನಾಗಿಯೇ ಇದೆ ಅನಿಸಿತು. ಎಲ್ಲ ನಿಜ, ಎಲ್ಲ ವಿನಯ. ಆದರೆ ಆಪಾ ಎರಡನೇ ಸಲ ಓದಿ ತಾನೇ ಅಳಿಸಿದಳು. "ರಿಟರ್ನ್ ತಡವಾಗಿತ್ತು" ಎನ್ನುವುದು ಅವಳ ಕಂಪನಿಯ ಒಳಗಿನ ಮಾತು. ಅದನ್ನು ಹೊರಗಿನವರಿಗೆ ಬರೆದುಕೊಟ್ಟರೆ, ಓದಿದವರು ನಾಳೆ ನಮ್ಮ ಮಾತನ್ನೂ ಹೀಗೇ ಹೊರಗೆ ಹೇಳುತ್ತಾಳೆ ಎಂದುಕೊಳ್ಳುತ್ತಾರೆ. ಅಕೌಂಟ್ಸ್ ಕೆಲಸಕ್ಕೆ ಇದಕ್ಕಿಂತ ಕೆಟ್ಟ ಪರಿಚಯ ಇಲ್ಲ. ಮ್ಯಾನೇಜರ್ ಮೇಲಿನ ದೂರೂ ಅಂಥದ್ದೇ. ಇಷ್ಟಾದರೂ ಮುಖ್ಯವಾದದ್ದು ಪತ್ರದಲ್ಲಿ ಇರಲೇ ಇಲ್ಲ: ಹಾಗಾದರೆ ಯಾವಾಗ ಆಗುತ್ತದೆ?

ಆಗ ನಾನೊಂದು ಬುದ್ಧಿವಂತಿಕೆ ತೋರಿಸಿದೆ. ಹನ್ನೊಂದಕ್ಕೆ ಹ್ಞೂಂ ಅಂದುಬಿಡು, ಬುಧವಾರ ಬೆಳಿಗ್ಗೆ ಆಫೀಸಿಗೆ ಜ್ವರ ಎಂದು ಫೋನ್ ಮಾಡು ಎಂದೆ. ಅಮ್ಮಿ ಪಾತ್ರೆ ತೊಳೆಯುತ್ತಿದ್ದ ಕಡೆಯಿಂದಲೇ ಹೇಳಿದರು: "ಝೂಟ್ ನಕ್ಕೋ. ಕಮ್ ಬೋಲ್, ಬಸ್." ಸುಳ್ಳು ಬೇಡ, ಕಡಿಮೆ ಮಾತಾಡು, ಸಾಕು. ಪತ್ರ ಹೇಗಿರಬೇಕು ಎಂಬುದು ನನಗೆ ಸ್ಪಷ್ಟವಾದದ್ದು ಈ ಮಾತಿನಿಂದಲೇ. ಗುಟ್ಟಾಗಿ ಇಡುವುದು ಬೇರೆ, ಸುಳ್ಳು ಹೇಳುವುದು ಬೇರೆ. ಕಾರಣವನ್ನು ಪೂರ್ತಿ ಹೇಳದೆ ಇರಬಹುದು, ಇಲ್ಲದ ಕಾರಣವನ್ನು ಹೇಳಬಾರದು. ಜ್ವರ ಎಂದರೆ ಮರುದಿನ ಡಾಕ್ಟರ ಚೀಟಿ ಕೇಳಬಹುದು, ಜೊತೆಯವರು ಹೇಗಿದ್ದೀಯ ಎಂದು ಕರೆ ಮಾಡುತ್ತಾರೆ, ಆ ಕರೆ ಹನ್ನೊಂದೂಕಾಲಿಗೇ ಬರಬಹುದು.

ಪತ್ರ ಬರೆಯುವ ಮೊದಲು ಆಪಾ ಒಂದು ಹಾಳೆಯಲ್ಲಿ ತನ್ನ ವಾರವನ್ನು ಬರೆದಳು. ಯಾವ ಹೊತ್ತು ನಿಜವಾಗಿ ಖಾಲಿ ಇದೆ? ಕೆಲಸದ ಹೊತ್ತು ಬಿಡಿ. ಮಧ್ಯಾಹ್ನದ ಊಟಕ್ಕೆ ಅರ್ಧ ಗಂಟೆ, ಸಂದರ್ಶನ 45 ನಿಮಿಷ, ಅದರಲ್ಲೂ ಕ್ಯಾಂಟೀನಿನ ಗದ್ದಲ. ಬಸ್ಸಿನಲ್ಲಿ ಹೋಗಿ ಬರುವ ಹೊತ್ತೂ ಲೆಕ್ಕಕ್ಕಿಲ್ಲ. ಕಂಪನಿ ಬಸ್ ಎಂದರೆ ಚಕ್ರ ಇರುವ ಆಫೀಸು, ಪಕ್ಕದ ಸೀಟಿನಲ್ಲಿ ಸ್ಟೋರ್ಸ್‌ನವರು, ಹಿಂದೆ ಕ್ವಾಲಿಟಿಯವರು. ಉಳಿದದ್ದು ಮೂರು. ಅವಳ ಕಾರ್ಖಾನೆಗೆ ಎರಡನೇ ಶನಿವಾರ ರಜೆ, ಅದು 13ನೇ ತಾರೀಕು. 12ನೇ ತಾರೀಕು ಶುಕ್ರವಾರ ರಿಟರ್ನ್ ಮುಗಿದಿರುತ್ತದೆ, ಅರ್ಧ ದಿನದ ರಜೆ ಕೇಳಿದರೆ ಯಾರಿಗೂ ಭಾರವಾಗುವುದಿಲ್ಲ. ಇನ್ನೊಂದು, ಯಾವ ದಿನವಾದರೂ ರಾತ್ರಿ ಎಂಟರ ನಂತರ.

ಶುಕ್ರವಾರದ ಅರ್ಧ ದಿನದಲ್ಲಿ ಒಂದು ತೊಡಕಿತ್ತು. ಒಂದು ಗಂಟೆಗೆ ಹೊರಬಿದ್ದರೆ ಕಂಪನಿ ಬಸ್ ಇರುವುದಿಲ್ಲ. ನರಸಾಪುರದಿಂದ ಕೋಲಾರ, ಅಲ್ಲಿಂದ ಮುಳಬಾಗಿಲು, ಅಲ್ಲಿಂದ ನಂಗಲಿ, ಮೂರು ಬಸ್ ಬದಲಿಸಿ ಮನೆಗೆ ಬರುವಾಗ ನಾಲ್ಕು ಆಗುತ್ತದೆ. ಯಾವುದಾದರೂ ಒಂದು ತಡವಾದರೆ ಐದು. ಕೋಲಾರದಲ್ಲಿ ನಮ್ಮ ಖಾಲಾ ಮನೆ ಇದೆ. ಅಲ್ಲಿಗೆ ಎರಡೂಕಾಲಿಗೆ ಸೇರಬಹುದು. ಹಾಗಾಗಿ ಶುಕ್ರವಾರ ಮೂರರ ನಂತರ ಎಂದು ಬರೆದಳು. ಎರಡೂವರೆ ಎಂದು ಬರೆಯಬಹುದಿತ್ತು, ಬರೆಯಲಿಲ್ಲ. ಸಮಯ ಬದಲಿಸಿ ಎಂದು ಕೇಳಿದವರು ಬದಲಿಸಿದ ಸಮಯಕ್ಕೂ ತಡವಾಗಿ ಬಂದರೆ ಮತ್ತೆ ಕೇಳುವ ಮುಖ ಇರುವುದಿಲ್ಲ.

ಸಮಯವನ್ನು ನಾವೇ ಹೇಳಬೇಕೆ, ಅವರು ಕೊಡಲಿ ಎಂದು ಬಿಡಬಾರದೆ ಎಂದು ನನಗೆ ಅನುಮಾನವಿತ್ತು. ಸೋಮವಾರ ನಮ್ಮ ಉಪನ್ಯಾಸಕರನ್ನು ಕೇಳಿದೆ, ಅವರು ಮೊದಲು ಖಾಸಗಿ ಕಂಪನಿಯಲ್ಲಿದ್ದವರು. ಅವರು ಹೇಳಿದ್ದು: ನಿಮಗೆ ಪತ್ರ ಬರೆಯುವ ಎಚ್.ಆರ್. ಸಾಮಾನ್ಯವಾಗಿ ತಾವೊಬ್ಬರೇ ಸಂದರ್ಶನ ಮಾಡುವುದಿಲ್ಲ. ಅಕೌಂಟ್ಸ್ ಮುಖ್ಯಸ್ಥರು, ಇನ್ನೊಬ್ಬರು, ಹೀಗೆ ಇಬ್ಬರು ಮೂವರ ಬಿಡುವನ್ನು ಜೋಡಿಸಿ ಒಂದು ಸಮಯ ಹಿಡಿದಿರುತ್ತಾರೆ. "ಬೇರೆ ದಿನ ಕೊಡಿ" ಎಂದರೆ ಅವರು ಮತ್ತೆ ಎಲ್ಲರನ್ನೂ ಕೇಳಿ ಇನ್ನೊಂದು ಸಮಯ ತರಬೇಕು, ಅದೂ ನಿಮಗೆ ಆಗದಿದ್ದರೆ ಮೂರನೇ ಸಲ. ಎರಡು ಸಲಕ್ಕೇ ಬೇಸರ ಬಂದು ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಗುತ್ತಾರೆ. ಅದಕ್ಕೇ "ಮೂರು ಗಂಟೆಗೆ" ಎನ್ನುವ ಒಂದು ಚುಕ್ಕೆ ಕೊಡುವ ಬದಲು "ಮೂರರಿಂದ ಆರರೊಳಗೆ" ಎನ್ನುವ ಜಾಗ ಕೊಡಬೇಕು. ಅಂಥ ಎರಡು ಮೂರು ಜಾಗ ಕೊಟ್ಟರೆ ಒಂದರಲ್ಲಾದರೂ ಅವರ ಬಿಡುವು ಬೀಳುತ್ತದೆ.

ಆಪಾ ಅದನ್ನು ಶುಕ್ರವಾರ ರಾತ್ರಿಯೇ ತಾನಾಗಿ ಮಾಡಿದ್ದಳು. ಅವಳು ಕಳಿಸಿದ ಪತ್ರ:

"ವಿಷಯ: ಸೀನಿಯರ್ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಯ ಸಂದರ್ಶನ, ಸಮಯದ ಬಗ್ಗೆ

ನಮಸ್ಕಾರ ಮೇಡಂ,

ಸಂದರ್ಶನಕ್ಕೆ ಕರೆದದ್ದಕ್ಕೆ ಧನ್ಯವಾದ. ಈ ಹುದ್ದೆಯಲ್ಲಿ ನನಗೆ ಖಂಡಿತ ಆಸಕ್ತಿ ಇದೆ.

10ನೇ ತಾರೀಕು ಬುಧವಾರ ಬೆಳಿಗ್ಗೆ 11 ಗಂಟೆ ನನ್ನ ಈಗಿನ ಕೆಲಸದ ಅವಧಿಯಲ್ಲಿ ಬರುವುದರಿಂದ ಆ ಹೊತ್ತಿಗೆ ಸೇರಲು ಆಗುವುದಿಲ್ಲ. ಕೆಳಗಿನ ಯಾವುದಾದರೂ ಸಮಯ ತಮಗೆ ಹೊಂದುವುದೇ?

12ನೇ ತಾರೀಕು ಶುಕ್ರವಾರ, ಮಧ್ಯಾಹ್ನ 3ರಿಂದ 6ರೊಳಗೆ
13ನೇ ತಾರೀಕು ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 5ರೊಳಗೆ
ಕೆಲಸದ ದಿನಗಳಲ್ಲಿ ರಾತ್ರಿ 8ರ ನಂತರ

ಇವು ಹೊಂದದಿದ್ದರೆ ತಿಳಿಸಿ, ಒಂದು ದಿನ ಮೊದಲು ಗೊತ್ತಾದರೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಪ್ರಯತ್ನಿಸುತ್ತೇನೆ.

ನಾನು ಅರ್ಜಿ ಹಾಕಿರುವುದು ಈಗಿನ ಕಂಪನಿಗೆ ತಿಳಿದಿಲ್ಲ. ಈ ವಿಷಯವನ್ನು ಗೋಪ್ಯವಾಗಿ ಇಡಬೇಕೆಂದೂ, ಅವರನ್ನು ಸಂಪರ್ಕಿಸುವ ಮೊದಲು ನನ್ನ ಒಪ್ಪಿಗೆ ಪಡೆಯಬೇಕೆಂದೂ ಕೋರುತ್ತೇನೆ. ಅಗತ್ಯವಿದ್ದರೆ ಉಲ್ಲೇಖಕ್ಕೆ ನನ್ನ ಪದವಿ ಕಾಲೇಜಿನ ಉಪನ್ಯಾಸಕರೊಬ್ಬರ ಹೆಸರು ಕೊಡುತ್ತೇನೆ.

ಕರೆ ಮಾಡುವುದಾದರೆ ಸಂಜೆ 7:45ರ ನಂತರ ಅನುಕೂಲ. ಇ-ಮೇಲ್ ಯಾವಾಗಲಾದರೂ ನೋಡುತ್ತೇನೆ."

ಕೆಳಗೆ ಹೆಸರು, ಸ್ವಂತ ಮೊಬೈಲ್ ನಂಬರ್. ಒಂದು ಮೊಬೈಲ್ ಪರದೆಯಲ್ಲಿ ಹೆಚ್ಚುಕಡಿಮೆ ಹಿಡಿಸುತ್ತದೆ.

ಕಾರಣ ಇರುವುದು "ಈಗಿನ ಕೆಲಸದ ಅವಧಿ" ಎಂಬ ಮಾತಿನಲ್ಲಿ ಮಾತ್ರ. ಅದು ನಿಜ, ಅದಕ್ಕಿಂತ ಹೆಚ್ಚು ಬೇಕಿಲ್ಲ. ಕೆಲಸದಲ್ಲಿರುವವರು ಕೆಲಸದ ಹೊತ್ತಿನಲ್ಲಿ ಬರಲಾರರು ಎಂಬುದು ಎಚ್.ಆರ್.ಗೆ ಹೊಸದಲ್ಲ. ಆಸಕ್ತಿ ಇದೆ ಎಂಬ ವಾಕ್ಯ ಮೊದಲೇ ಬರಬೇಕು, ಇಲ್ಲದಿದ್ದರೆ "ಆಗುವುದಿಲ್ಲ" ಎಂಬುದನ್ನು ನಿರಾಕರಣೆ ಎಂದು ಓದುತ್ತಾರೆ. "ಕ್ಷಮಿಸಿ" ಎಂಬ ಪದ ಮೊದಲ ಕರಡಿನ ನಂತರ ಮೂರು ಸಲ ಬಂದಿತ್ತು, ಆಪಾ ಮೂರನ್ನೂ ತೆಗೆದಳು. ಇದರಲ್ಲಿ ತಪ್ಪೇನೂ ಆಗಿಲ್ಲವಲ್ಲ.

ಗೋಪ್ಯತೆಯ ಆ ಎರಡು ಸಾಲು ಏಕೆ ಎಂದು ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಮ್ಮ ಪಠ್ಯದ ಎಂಟು ಹಂತ ಮತ್ತೆ ನೋಡಿದೆ. ಉಲ್ಲೇಖ ಮತ್ತು ಹಿನ್ನೆಲೆ ಪರಿಶೀಲನೆ ನಾಲ್ಕನೆಯದು. ಆಯ್ಕೆಯ ನಿರ್ಧಾರ ಐದನೆಯದು, ಉದ್ಯೋಗದ ಆಹ್ವಾನ ಏಳನೆಯದು. ಅಂದರೆ ಪುಸ್ತಕದ ಕ್ರಮದಲ್ಲೇ ನಡೆದರೆ, ಆಪಾಗೆ ಕೆಲಸ ಕೊಡುತ್ತೇವೆ ಎಂದು ಹೇಳುವ ಮೊದಲೇ ಅವರು ಅವಳ ಕಾರ್ಖಾನೆಗೆ ಫೋನ್ ಮಾಡಿ "ಈ ಹುಡುಗಿ ಹೇಗೆ?" ಎಂದು ಕೇಳಬಹುದು. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಅದು ಅವರ ವಿಧಾನ. ಉಲ್ಲೇಖಕ್ಕೆ ಹಿಂದಿನ ಮಾಲೀಕರು, ಪರಿಚಿತರು, ಅಧ್ಯಾಪಕರು ಯಾರಾದರೂ ಆಗಬಹುದು ಎಂದೂ ಅದೇ ಪುಸ್ತಕ ಹೇಳುತ್ತದೆ. ಪರೀಕ್ಷೆಗೆ ಎರಡು ಅಂಕಕ್ಕೆ ಓದಿದ ಸಾಲು ಇಲ್ಲಿ ಆಪಾಗೆ ಬಾಗಿಲಾಯಿತು: ಈಗಿನವರನ್ನು ಕೇಳಬೇಡಿ ಎಂದಷ್ಟೇ ಹೇಳದೆ, ಅವರ ಬದಲು ಅಧ್ಯಾಪಕರನ್ನು ಕೇಳಿ ಎಂದಳು.

ಈ ಕೋರಿಕೆಗೆ ಒಂದು ಮಿತಿ ಇದೆ. ಅದು ಕೋರಿಕೆ ಮಾತ್ರ, ಪಾಲಿಸುವುದು ಬಿಡುವುದು ಅವರ ಸೌಜನ್ಯ. ಕರೆ ಬಂದದ್ದು ಕಂಪನಿಯಿಂದಲ್ಲದೆ ಕನ್ಸಲ್ಟೆನ್ಸಿಯಿಂದಾದರೆ ಇನ್ನೂ ಎಚ್ಚರ ಬೇಕು. ನರಸಾಪುರ, ವೇಮಗಲ್, ಮಾಲೂರಿನಂಥ ಕಡೆ ಒಂದೇ ಕನ್ಸಲ್ಟೆನ್ಸಿ ಹಲವು ಕಂಪನಿಗಳಿಗೆ ಜನ ಕೊಡುವುದುಂಟು, ನಿಮ್ಮ ಈಗಿನ ಕಂಪನಿಯೂ ಅವರ ಗಿರಾಕಿ ಆಗಿರಬಹುದು. ಬಯೋಡೇಟಾ ಯಾರಿಗೆ ಕಳಿಸುತ್ತೀರಿ ಎಂದು ಹೆಸರು ಕೇಳಿ ತಿಳಿದ ಮೇಲೆಯೇ ಮುಂದುವರಿಯಬೇಕು.

ಪತ್ರ ಎಷ್ಟು ಚೆನ್ನಾಗಿದ್ದರೂ ಅದನ್ನು ಎಲ್ಲಿಂದ ಕಳಿಸುತ್ತೇವೆ ಎನ್ನುವುದರಲ್ಲಿ ಗುಟ್ಟು ಹಾಳಾಗುತ್ತದೆ. ಆಪಾಳ ವಿಭಾಗದಲ್ಲಿದ್ದ ಒಬ್ಬರಿಗೆ ಹೀಗೇ ಆಯಿತು. ಅವರು ಆಫೀಸಿನ ಕಂಪ್ಯೂಟರಿನಲ್ಲಿ ಆಫೀಸ್ ಇ-ಮೇಲ್ ತೆರೆದಿಟ್ಟುಕೊಂಡೇ ಸಂದರ್ಶನದ ಆಹ್ವಾನ ಒಪ್ಪಿಕೊಂಡರು. ಆ ಆಹ್ವಾನ ಆಫೀಸಿನ ಕ್ಯಾಲೆಂಡರಿನಲ್ಲಿ ಹೋಗಿ ಕೂತಿತು. ವಿಭಾಗದವರು ಮೀಟಿಂಗ್ ಗೊತ್ತುಮಾಡಲು ಒಬ್ಬರ ಕ್ಯಾಲೆಂಡರ್ ಇನ್ನೊಬ್ಬರು ನೋಡುವ ವ್ಯವಸ್ಥೆ ಅಲ್ಲಿತ್ತು. ಗುರುವಾರ ನಾಲ್ಕು ಗಂಟೆಗೆ ಇನ್ನೊಂದು ಕಂಪನಿಯ ಹೆಸರು, ಪಕ್ಕದಲ್ಲಿ "ಇಂಟರ್‌ವ್ಯೂ". ಯಾರೂ ಬೈಯಲಿಲ್ಲ, ಆದರೆ ಆ ವರ್ಷದ ಸಂಬಳ ಏರಿಕೆಯಲ್ಲಿ ಅವರ ಹೆಸರು ಕೆಳಗಿತ್ತು. ಇದಕ್ಕೂ ಅದಕ್ಕೂ ಸಂಬಂಧ ಇತ್ತೋ ಇಲ್ಲವೋ ಯಾರೂ ಹೇಳಲಾರರು. ಗೊತ್ತಾಗದೆ ಇರುವುದೇ ಇದರಲ್ಲಿ ಕಷ್ಟ.

ಹಾಗಾಗಿ ಆಪಾ ಸ್ವಂತ ಇ-ಮೇಲ್, ಸ್ವಂತ ಫೋನ್, ಸ್ವಂತ ಡೇಟಾ ಇಷ್ಟನ್ನೇ ಬಳಸುತ್ತಾಳೆ. ಆಫೀಸಿನ ವೈಫೈ ಕೂಡ ಬೇಡ ಎನ್ನುತ್ತಾಳೆ. ಆಫೀಸಿನ ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ತೆರೆದಿಡುವ ಅಭ್ಯಾಸವನ್ನೂ ಆ ವಾರ ಬಿಟ್ಟಳು, ಏಕೆಂದರೆ ಎಚ್.ಆರ್. ಮೇಡಂ "ನಾಳೆಯ ಇಂಟರ್‌ವ್ಯೂ..." ಎಂದು ಬರೆದರೆ ಅದು ದೊಡ್ಡ ಪರದೆಯ ಮೂಲೆಯಲ್ಲಿ ಎಲ್ಲರಿಗೂ ಕಾಣುತ್ತದೆ. ಸಂಜೆಯೇ ಕರೆ ಮಾಡಿ ಎಂದು ಬರೆದಿದ್ದರೂ ಅವರು ಮಂಗಳವಾರ ಹನ್ನೊಂದೂವರೆಗೆ ಕರೆ ಮಾಡಿಯೇ ಬಿಟ್ಟರು. ಆಪಾ ಮಾತು ಮೊದಲೇ ಸಿದ್ಧ ಮಾಡಿಕೊಂಡಿದ್ದಳು: "ಈಗ ಮಾತಾಡಲು ಆಗುವುದಿಲ್ಲ ಮೇಡಂ, ಸಂಜೆ ನಾನೇ ಕರೆ ಮಾಡುತ್ತೇನೆ." ಎದ್ದು ಓಡಿ ಹೊರಗೆ ಹೋಗಲಿಲ್ಲ. ಪಿಸುಗುಟ್ಟಲೂ ಇಲ್ಲ. ಪಿಸುಮಾತಿನಷ್ಟು ಬೇಗ ಜನರ ಕಿವಿಗೆ ಬೀಳುವುದು ಬೇರೊಂದಿಲ್ಲ.

ಸಂಜೆ ಮಾತಾಡಿದಾಗ ಗೊತ್ತಾಯಿತು, ಶನಿವಾರ ಅವರ ಕಚೇರಿಗೂ ರಜೆ, ಶುಕ್ರವಾರ ಮೂರೂವರೆ ಆಗುತ್ತದೆ. ಅದನ್ನೇ ಒಂದು ಸಾಲಿನಲ್ಲಿ ಇ-ಮೇಲ್‌ನಲ್ಲೂ ಬರೆದು ಖಚಿತಪಡಿಸಿದಳು. ಬಾಯಿಮಾತಿನ ಸಮಯ ಒಬ್ಬರಿಗೆ ಮೂರೂವರೆ, ಇನ್ನೊಬ್ಬರಿಗೆ ನಾಲ್ಕೂವರೆ ಆಗುವುದುಂಟು.

ಒಂದು ವೇಳೆ "ಬುಧವಾರ ಹನ್ನೊಂದೇ, ಬೇರೆ ಇಲ್ಲ" ಎಂದಿದ್ದರೆ? ಆಪಾ ಅದಕ್ಕೂ ಯೋಚಿಸಿದ್ದಳು. ಮೊದಲ ಸುತ್ತನ್ನು ಹದಿನೈದು ನಿಮಿಷದ ಫೋನ್ ಮಾತಾಗಿ ಮಾಡಿ, ದೊಡ್ಡ ಸಂದರ್ಶನ ಮುಂದಿನ ವಾರ ಇಡಬಹುದೇ ಎಂದು ಒಂದು ಸಲ ಕೇಳುವುದು. ಅದಕ್ಕೂ ಒಪ್ಪದಿದ್ದರೆ ಬಿಡುವುದು. 10ನೇ ತಾರೀಕು ರಜೆ ಹಾಕಿ ಜೊತೆಯವರ ತಲೆ ಮೇಲೆ ರಿಟರ್ನ್ ಹೊರಿಸುವುದು ಅವಳಿಗೆ ಸರಿ ಕಾಣಲಿಲ್ಲ. ಬೇರೆ ತಾರೀಕಾಗಿದ್ದರೆ ಒಂದು ದಿನ ಸಿ.ಎಲ್. ಹಾಕುತ್ತಿದ್ದಳಂತೆ. ಸಮಯ ಬದಲಿಸಲು ಒಮ್ಮೆ ಕೇಳಬಹುದು, ಹೆಚ್ಚೆಂದರೆ ಎರಡು ಸಲ. ಮೂರನೆಯ ಸಲ ಕೇಳುವವರಿಗೆ ಆಸಕ್ತಿ ಇದೆ ಎಂದು ಯಾರೂ ನಂಬುವುದಿಲ್ಲ.

ಅರ್ಧ ದಿನದ ರಜೆ ಅರ್ಜಿಯಲ್ಲಿ ಕಾರಣದ ಜಾಗದಲ್ಲಿ "ಸ್ವಂತ ಕೆಲಸ" ಎಂದು ಬರೆದಳು. ಗುರುವಾರ ಸಂಜೆ, ರಿಟರ್ನ್ ಸಲ್ಲಿಕೆ ಆದ ಮೇಲೆ ಕೊಟ್ಟಳು. ಮ್ಯಾನೇಜರ್ ತಲೆ ಎತ್ತದೆ ಸಹಿ ಹಾಕಿದರಂತೆ.

ಶುಕ್ರವಾರ ಖಾಲಾ ತಮ್ಮ ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿ ಫ್ಯಾನ್ ಕೂಡ ಆರಿಸಿದ್ದರು, ಸದ್ದು ಬರುತ್ತದೆ ಎಂದು. ಸಂದರ್ಶನ 50 ನಿಮಿಷ ನಡೆಯಿತು. ಮಧ್ಯದಲ್ಲಿ ಒಬ್ಬರು ಕೇಳಿದರಂತೆ, ಈಗಿನ ನಿಮ್ಮ ಕಂಪನಿ ತಿಂಗಳಿಗೆ ಎಷ್ಟು ಬಿಲ್ ಮಾಡುತ್ತದೆ, ದೊಡ್ಡ ಗಿರಾಕಿಗಳು ಯಾರು ಎಂದು. ಆಪಾ ತಾನು ಮಾಡುವ ಕೆಲಸ ಹೇಳಿದಳು, ದಿನಕ್ಕೆ ಎಷ್ಟು ಇನ್‌ವಾಯ್ಸ್ ನೋಡುತ್ತೇನೆ, ಟ್ಯಾಲಿಯಲ್ಲಿ ಏನೇನು ನಮೂದಿಸುತ್ತೇನೆ ಎಂದು. ಕಂಪನಿಯ ಅಂಕಿ ಹೇಳಲು ಆಗುವುದಿಲ್ಲ ಸರ್ ಎಂದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದಿನ ಪ್ರಶ್ನೆಗೆ ಹೋದರಂತೆ.

ಫಲಿತಾಂಶ ಇನ್ನೂ ಬಂದಿಲ್ಲ. ಸೋಮವಾರ ಬೆಳಿಗ್ಗೆ ಆಪಾ ಎಂದಿನಂತೆ 6:20ರ ಬಸ್ಸಿಗೆ ಹೋದಳು.